ಕೋಟಿನಿನ್ ವರದಿಯನ್ನು ಓದುವುದು ಹೇಗೆ?

ಜೀವ ವಿಮೆಗೆ ಅರ್ಜಿ ಹಾಕಿದವರ ವೈದ್ಯಕೀಯ ವರದಿಯಲ್ಲಿ ಸಕ್ಕರೆ, ಕೊಲೆಸ್ಟ್ರಾಲ್, ಕ್ರಿಯಾಟಿನಿನ್ ಎಂಬ ಪರಿಚಿತ ಸಾಲುಗಳ ನಡುವೆ ಕೋಟಿನಿನ್ ಎಂಬ ಇನ್ನೊಂದು ಸಾಲು ಇರುತ್ತದೆ. ಅದರ ಮುಂದಿನ ಒಂದು ಸಂಖ್ಯೆಯೋ, ‘ಪಾಸಿಟಿವ್’ ಅಥವಾ ‘ನೆಗೆಟಿವ್’ ಎಂಬ ಒಂದು ಪದವೋ ಆ ವ್ಯಕ್ತಿ ಮುಂದಿನ ಹಲವು ವರ್ಷ ಕಟ್ಟಬೇಕಾದ ಪ್ರೀಮಿಯಂ ಮೇಲೆ ನೇರ ಪರಿಣಾಮ ಬೀರುತ್ತದೆ. ಆದರೂ ಆ ಸಾಲು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಅರ್ಜಿದಾರರಿಗೆ ವಿವರಿಸುವವರು ಕಡಿಮೆ. ವರದಿಯನ್ನು ಕೈಯಲ್ಲಿ ಹಿಡಿದುಕೊಂಡು ಅದನ್ನು ಕ್ರಮವಾಗಿ ಓದುವ ಬಗೆಯನ್ನು ಇಲ್ಲಿ ನೋಡೋಣ.

ಮೊದಲು: ಅಳೆದದ್ದು ಏನು?

ತಂಬಾಕಿನಿಂದ ದೇಹಕ್ಕೆ ಸೇರಿದ ನಿಕೋಟಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಸುಮಾರು ಎರಡು ಗಂಟೆಗೊಮ್ಮೆ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಯಕೃತ್ತಿನಲ್ಲಿರುವ ಒಂದು ಕಿಣ್ವ ನಿಕೋಟಿನ್‌ನ ಬಹುಪಾಲನ್ನು, ಅಂದರೆ ಸುಮಾರು ಶೇ 70ರಿಂದ 80ರಷ್ಟನ್ನು, ಕೋಟಿನಿನ್ ಎಂಬ ಬೇರೊಂದು ವಸ್ತುವನ್ನಾಗಿ ಪರಿವರ್ತಿಸುತ್ತದೆ. ಈ ಕೋಟಿನಿನ್ ನಿಧಾನವಾಗಿ ಕರಗುತ್ತದೆ. ಅದು ಅರ್ಧಕ್ಕಿಳಿಯಲು ಸಾಮಾನ್ಯವಾಗಿ 16ರಿಂದ 18 ಗಂಟೆ ಬೇಕು. ಪರೀಕ್ಷೆಗೆ ನಿಕೋಟಿನ್‌ಗಿಂತ ಕೋಟಿನಿನ್ ಹೆಚ್ಚು ನಂಬಿಕೆಗೆ ಅರ್ಹವಾಗಲು ಇದೇ ಕಾರಣ. ರಾತ್ರಿ ಸೇದಿದವರ ರಕ್ತದಲ್ಲಿ ಬೆಳಗಿನ ಹೊತ್ತಿಗೆ ನಿಕೋಟಿನ್ ಬಹುತೇಕ ಕಾಣೆಯಾಗಿರಬಹುದು, ಕೋಟಿನಿನ್ ಮಾತ್ರ ಅಲ್ಲೇ ಇರುತ್ತದೆ. ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಪರೀಕ್ಷೆಯೂ ಉಂಟು. ಆದರೆ ಆ ಅನಿಲ ಕೆಲವೇ ಗಂಟೆಗಳಲ್ಲಿ ಹೊರಟುಹೋಗುತ್ತದೆ, ಜೊತೆಗೆ ವಾಹನದ ಹೊಗೆಯಿಂದಲೂ ದೇಹಕ್ಕೆ ಸೇರುತ್ತದೆ. ಹೀಗಾಗಿ ವಿಮಾ ಕಂಪನಿಗಳಿಗೆ ಕೋಟಿನಿನ್ನೇ ಅನುಕೂಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕೋಟಿನಿನ್ ಪರೀಕ್ಷೆ ಹೊಗೆಯನ್ನು ಅಳೆಯುವುದಿಲ್ಲ, ನಿಕೋಟಿನ್ ದೇಹದೊಳಗೆ ಬಂದು ಹೋದ ಗುರುತನ್ನು ಅಳೆಯುತ್ತದೆ. ಜಗಿಯುವ ತಂಬಾಕು, ನಶ್ಯ, ಇ-ಸಿಗರೇಟು, ಧೂಮಪಾನ ಬಿಡಲು ವೈದ್ಯರು ಕೊಡುವ ನಿಕೋಟಿನ್ ಗಮ್ ಮತ್ತು ಪ್ಯಾಚ್ ಎಲ್ಲವೂ ಅದರ ಕಣ್ಣಿಗೆ ಒಂದೇ. ಸೇದುವುದನ್ನು ಬಿಟ್ಟು ತಿಂಗಳುಗಳಾಗಿ ಪ್ಯಾಚ್ ಹಚ್ಚಿಕೊಳ್ಳುತ್ತಿರುವವರ ವರದಿಯೂ ಪಾಸಿಟಿವ್ ಆಗಿಯೇ ಬರುತ್ತದೆ.

ಎರಡನೆಯದು: ಯಾವ ಮಾದರಿ, ಯಾವ ಗಡಿ?

ವರದಿಯಲ್ಲಿ ಮಾದರಿ ರಕ್ತದ್ದೋ, ಮೂತ್ರದ್ದೋ, ಲಾಲಾರಸದ್ದೋ ಎಂಬುದನ್ನು ಮೊದಲು ಹುಡುಕಬೇಕು. ಪ್ರಮಾಣವನ್ನು ಒಂದು ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಎಂದು, ng/mL ಎಂಬ ಗುರುತಿನೊಂದಿಗೆ ಮುದ್ರಿಸಿರುತ್ತಾರೆ. ಲಾಲಾರಸದ ಸಂಖ್ಯೆ ರಕ್ತದ ಸಂಖ್ಯೆಗೆ ಹತ್ತಿರವಿರುತ್ತದೆ. ಮೂತ್ರದಲ್ಲಿ ಮಾತ್ರ ಅದು ಸರಿಸುಮಾರು ನಾಲ್ಕರಿಂದ ಆರು ಪಟ್ಟು ಹೆಚ್ಚು. ಹೀಗಾಗಿ ‘ನನಗೆ 100 ಬಂದಿದೆ’ ಎಂಬ ಮಾತಿಗೆ ಮಾದರಿ ಗೊತ್ತಾಗುವ ತನಕ ಅರ್ಥವಿಲ್ಲ. ರಕ್ತದಲ್ಲಿ 100 ಎಂದರೆ ನಿಯಮಿತವಾಗಿ ತಂಬಾಕು ಬಳಸುವವರ ಮಟ್ಟ. ಮೂತ್ರದಲ್ಲಿ ಅದೇ 100 ಕೆಲವು ಪ್ರಯೋಗಾಲಯಗಳ ಲೆಕ್ಕದಲ್ಲಿ ನೆಗೆಟಿವ್.

ಏಕೆಂದರೆ ಪಾಸಿಟಿವ್ ಎಂಬುದು ಪ್ರಕೃತಿ ಎಳೆದ ಗೆರೆಯಲ್ಲ, ಪರೀಕ್ಷೆ ಮಾಡಿಸುವವರು ಎಳೆದ ಗೆರೆ. ರಕ್ತಕ್ಕೆ 10, 15 ಇಂಥ ಗಡಿಗಳು ಬಳಕೆಯಲ್ಲಿವೆ. ಇತರರ ಹೊಗೆಗೆ ಒಡ್ಡಿಕೊಳ್ಳುವುದು ಕಡಿಮೆಯಾಗಿರುವ ಸಮಾಜಗಳಲ್ಲಿ 3ರಷ್ಟು ಕೆಳಗಿನ ಗಡಿಯನ್ನೂ ಸಂಶೋಧಕರು ಸೂಚಿಸಿದ್ದಾರೆ. ಮೂತ್ರಕ್ಕೆ 50, 100, 200 ಎಂಬ ಗಡಿಗಳನ್ನು ಹೆಚ್ಚಾಗಿ ಕಾಣುತ್ತೇವೆ. ಪಕ್ಕದವರ ಹೊಗೆ ಕುಡಿದದ್ದರಿಂದ ರಕ್ತದ ಕೋಟಿನಿನ್ 10ನ್ನು ದಾಟುವುದು ಅಪರೂಪ. ಆದ್ದರಿಂದ ಮೂತ್ರದ 200ರ ಗಡಿಯನ್ನು ಮೀರಿದ ಫಲಿತಾಂಶಕ್ಕೆ ‘ಮನೆಯಲ್ಲಿ ಬೇರೆಯವರು ಸೇದುತ್ತಾರೆ’ ಎಂಬ ವಿವರಣೆ ಒಪ್ಪುವಂಥದ್ದಲ್ಲ.

ಸ್ಟ್ರಿಪ್ ಬಳಸಿ ತಾವೇ ಪರೀಕ್ಷಿಸಿಕೊಳ್ಳುವವರು ಒಂದು ಕಡೆ ಸುಲಭವಾಗಿ ಎಡವುತ್ತಾರೆ. ಈ ಬಗೆಯ ಬಹುತೇಕ ಸ್ಟ್ರಿಪ್‌ಗಳಲ್ಲಿ ಮೂತ್ರದ ಕೋಟಿನಿನ್ ಮತ್ತು ಸ್ಟ್ರಿಪ್ ಮೇಲೆ ಮೊದಲೇ ಲೇಪಿಸಿದ ಕೋಟಿನಿನ್ ಬಣ್ಣದ ಕಣಗಳಿಗಾಗಿ ಪೈಪೋಟಿ ನಡೆಸುತ್ತವೆ. ಮೂತ್ರದಲ್ಲಿ ಕೋಟಿನಿನ್ ಹೆಚ್ಚಿದ್ದರೆ ಕಣಗಳೆಲ್ಲ ಅದಕ್ಕೇ ಅಂಟಿಕೊಂಡು, T ಎಂಬ ಗುರುತಿನ ಜಾಗದಲ್ಲಿ ಗೆರೆ ಮೂಡುವುದಿಲ್ಲ. ಅಂದರೆ C ಮತ್ತು T ಎರಡೂ ಕಡೆ ಗೆರೆ ಕಂಡರೆ ನೆಗೆಟಿವ್, C ಒಂದರಲ್ಲೇ ಕಂಡರೆ ಪಾಸಿಟಿವ್. ಗರ್ಭ ಪರೀಕ್ಷೆಯ ಸ್ಟ್ರಿಪ್‌ಗೆ ಇದು ಪೂರ್ತಿ ತಿರುಗುಮುರುಗು. T ಗೆರೆ ಎಷ್ಟೇ ಮಸುಕಾಗಿದ್ದರೂ ಅದನ್ನು ಗೆರೆ ಎಂದೇ ಎಣಿಸಬೇಕು. C ಗೆರೆಯೇ ಬಾರದಿದ್ದರೆ ಆ ಸ್ಟ್ರಿಪ್ ಕೆಟ್ಟಿದೆ ಎಂದರ್ಥ.

ಮೂರನೆಯದು: ಗಂಟೆಗಳ ಲೆಕ್ಕ

ಎಷ್ಟು ದಿನ ಪತ್ತೆಯಾಗುತ್ತದೆ ಎಂಬ ಪ್ರಶ್ನೆಗೆ ‘ಮೂರು ದಿನ’, ‘ಹತ್ತು ದಿನ’ ಎಂಬ ಸಿದ್ಧ ಉತ್ತರಗಳು ಓಡಾಡುತ್ತಿರುತ್ತವೆ. ಎರಡೂ ಯಾರಾದರೊಬ್ಬರ ವಿಷಯದಲ್ಲಿ ನಿಜ. ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು.

ದಿನಕ್ಕೆ ಒಂದು ಪ್ಯಾಕ್ ಸೇದುವ ವ್ಯಕ್ತಿಯೊಬ್ಬರು ಭಾನುವಾರ ರಾತ್ರಿ ಹತ್ತಕ್ಕೆ ಕೊನೆಯ ಸಿಗರೇಟು ಸೇದಿದರು ಎಂದುಕೊಳ್ಳೋಣ. ಆಗ ಅವರ ರಕ್ತದ ಕೋಟಿನಿನ್ 250. ಅವರ ದೇಹದಲ್ಲಿ ಅದು 16 ಗಂಟೆಗೊಮ್ಮೆ ಅರ್ಧವಾಗುತ್ತದೆ. ಸೋಮವಾರ ರಾತ್ರಿ ಹತ್ತಕ್ಕೆ ಸುಮಾರು 88, ಮಂಗಳವಾರ 31, ಬುಧವಾರ 11. ವಿಮಾ ಕಂಪನಿ ಕಳುಹಿಸಿದವರು ಗುರುವಾರ ಬೆಳಿಗ್ಗೆ ಹತ್ತಕ್ಕೆ ರಕ್ತ ತೆಗೆದರೆ ಬರುವ ಸಂಖ್ಯೆ ಸುಮಾರು 6.6. ಗಡಿ 10 ಆಗಿದ್ದರೆ ಇದು ನೆಗೆಟಿವ್, ಗಡಿ 3 ಆಗಿದ್ದರೆ ಪಾಸಿಟಿವ್. ರಕ್ತ ಒಂದೇ, ಹಣೆಪಟ್ಟಿ ಎರಡು.

ಇನ್ನು ಅಷ್ಟೇ ಸೇದಿ ಅದೇ ಗಳಿಗೆಯಲ್ಲಿ ಬಿಟ್ಟ ಇನ್ನೊಬ್ಬರನ್ನು ತೆಗೆದುಕೊಳ್ಳೋಣ. ಕೋಟಿನಿನ್ ಅನ್ನು ಕರಗಿಸುವುದೂ ಯಕೃತ್ತಿನ ಅದೇ ಕಿಣ್ವ, ಹುಟ್ಟಿನಿಂದಲೇ ಅವರಲ್ಲಿ ಅದರ ವೇಗ ಕಡಿಮೆ. ಕೋಟಿನಿನ್ ಅರ್ಧವಾಗಲು 24 ಗಂಟೆ ಬೇಕು. ಗುರುವಾರ ಬೆಳಿಗ್ಗೆ ಅವರ ರಕ್ತದಲ್ಲಿ 22ರಷ್ಟು ಉಳಿದಿರುತ್ತದೆ, ಎರಡೂ ಗಡಿಗಳಲ್ಲಿ ಪಾಸಿಟಿವ್. ಕಿಣ್ವದ ಈ ವ್ಯತ್ಯಾಸ ವಂಶವಾಹಿಯಿಂದ ಬರುವಂಥದ್ದು. ಮೂತ್ರಪಿಂಡದ ತೊಂದರೆ ಇರುವವರಲ್ಲೂ ಕೋಟಿನಿನ್ ನಿಧಾನವಾಗಿ ಹೊರಹೋಗುತ್ತದೆ. ಗರ್ಭಿಣಿಯರಲ್ಲಿ ಮಾತ್ರ ಅದು ತೀರ ಬೇಗ, ಸುಮಾರು ಒಂಬತ್ತು ಗಂಟೆಗೇ, ಅರ್ಧಕ್ಕಿಳಿಯುತ್ತದೆ.

ಈ ಲೆಕ್ಕ ಕಾಗದದ ಮೇಲೆ ಇರುವಷ್ಟು ನುಣುಪಾಗಿ ದೇಹದಲ್ಲಿ ನಡೆಯುವುದಿಲ್ಲ. ಅಂಗಾಂಶಗಳಲ್ಲಿ ಸೇರಿಕೊಂಡ ನಿಕೋಟಿನ್ ಸ್ವಲ್ಪಸ್ವಲ್ಪವಾಗಿ ಹೊರಬರುತ್ತಿರುವುದರಿಂದ ಕೊನೆಯ ಅಂಶ ಎಳೆದಾಡುತ್ತದೆ. ಭಾರಿ ಪ್ರಮಾಣದಲ್ಲಿ ಬಳಸುವವರ, ಅದರಲ್ಲೂ ತಂಬಾಕು ಜಗಿಯುವವರ, ಮೂತ್ರದಲ್ಲಿ ಸಾವಿರಾರು ನ್ಯಾನೊಗ್ರಾಂ ಇರಬಲ್ಲದು. ಅವರ ಸಂಖ್ಯೆ ಕೆಳಗಿನ ಗಡಿಗೆ ಇಳಿಯಲು ಒಂದು ವಾರ, ಕೆಲವೊಮ್ಮೆ ಇನ್ನೂ ಕೆಲವು ದಿನ, ಬೇಕಾಗುತ್ತದೆ. ತಿಂಗಳುಗಟ್ಟಲೆ ಹಿಂದಿನ ಬಳಕೆಯನ್ನು ತೋರಿಸಬಲ್ಲದ್ದು ಕೂದಲು. ಅದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದಿಂದ ಮೂರು ಸೆಂಟಿಮೀಟರ್ ಉದ್ದದಲ್ಲಿ ಮೂರು ತಿಂಗಳ ಚರಿತ್ರೆ ಇರುತ್ತದೆ. ಆದರೆ ಹೊರಗಿನ ಹೊಗೆಯೂ ಕೂದಲಿಗೆ ಅಂಟುತ್ತದೆ, ಬಣ್ಣ ಹಚ್ಚಿದರೆ ಪ್ರಮಾಣ ಕುಗ್ಗುತ್ತದೆ.

ನಾಲ್ಕನೆಯದು: ವಿಮಾ ಕಂಪನಿಯ ಪ್ರಶ್ನೆ ಬೇರೆ

ತಂಬಾಕು ಬಳಸುವವರ ಸಾವಿನ ಪ್ರಮಾಣ ಅದೇ ವಯಸ್ಸಿನ ಇತರರಿಗಿಂತ ಹೆಚ್ಚು ಎಂಬುದು ದಶಕಗಳಿಂದ ದೃಢಪಟ್ಟ ಸಂಗತಿ. ಅದಕ್ಕಾಗಿಯೇ ಜೀವ ವಿಮೆಯಲ್ಲಿ ಅವರಿಗೆ ಪ್ರತ್ಯೇಕ ದರಪಟ್ಟಿ ಇರುತ್ತದೆ, ಅದು ಹಲವು ಸಂದರ್ಭಗಳಲ್ಲಿ ಇತರರ ದರದ ಎರಡು ಪಟ್ಟಿನ ಆಸುಪಾಸಿಗೆ ಹೋಗುತ್ತದೆ. ಅಷ್ಟು ಅಂತರ ಇರುವಲ್ಲಿ ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆಯುವ ಆಸೆಯೂ ದೊಡ್ಡದು. ಕೋಟಿನಿನ್ ಪರೀಕ್ಷೆ ಆ ‘ಇಲ್ಲ’ಕ್ಕೆ ಇಟ್ಟ ಕಾವಲು.

ಆದರೆ ಕಾವಲು ನೋಡಬಲ್ಲದ್ದು ಕಳೆದ ಕೆಲವೇ ದಿನಗಳನ್ನು, ಅರ್ಜಿ ಕೇಳುವುದು ಕಳೆದ ತಿಂಗಳುಗಳನ್ನು. ‘ಕಳೆದ 12 ತಿಂಗಳಲ್ಲಿ ಯಾವುದೇ ರೂಪದಲ್ಲಿ ತಂಬಾಕು ಅಥವಾ ನಿಕೋಟಿನ್ ಬಳಸಿದ್ದೀರಾ?’ ಎಂಬ ಬಗೆಯ ಪ್ರಶ್ನೆ ಸಾಮಾನ್ಯ; ಕೆಲವು ಕಂಪನಿಗಳು ಇನ್ನೂ ಹಿಂದಕ್ಕೆ ಹೋಗುತ್ತವೆ. ಮೇಲಿನ ಉದಾಹರಣೆಯ ಮೊದಲನೆಯವರಿಗೆ ಗುರುವಾರದ ವರದಿ ನೆಗೆಟಿವ್ ಬಂದರೂ ಅರ್ಜಿಯ ಸರಿಯಾದ ಉತ್ತರ ‘ಹೌದು’ ಎಂಬುದೇ. ಹಿಂದಿನ ಭಾನುವಾರವೂ ಆ ಹನ್ನೆರಡು ತಿಂಗಳೊಳಗೇ ಬರುತ್ತದೆ. ವರದಿ ನೆಗೆಟಿವ್ ಬಂದಿತು ಎಂಬ ಧೈರ್ಯದಲ್ಲಿ ಸುಳ್ಳು ಬರೆದರೆ, ಮುಂದೆ ಕ್ಲೇಮ್ ಬಂದಾಗ ಹಳೆಯ ಆಸ್ಪತ್ರೆ ಕಡತದಲ್ಲಿನ ‘ರೋಗಿ ಧೂಮಪಾನಿ’ ಎಂಬ ಒಂದು ಸಾಲು ಸಾಕು, ವಿವಾದ ಏಳುತ್ತದೆ. ಆ ಹೊತ್ತಿಗೆ ಉತ್ತರ ಕೊಡಬೇಕಾದವರು ಅರ್ಜಿ ಬರೆದವರಲ್ಲ, ಅವರ ಹೆಂಡತಿಯೋ, ಗಂಡನೋ, ಮಕ್ಕಳೋ. ಪರೀಕ್ಷೆಯನ್ನು ದಾಟಿದ್ದನ್ನೇ ಗೆಲುವೆಂದು ಎಣಿಸುವವರು ಈ ಕಡೆಯನ್ನು ನೋಡಿರುವುದಿಲ್ಲ ಎಂಬುದು ನನ್ನ ಬಲವಾದ ಅಭಿಪ್ರಾಯ.

ತುಂಬ ನೀರು ಕುಡಿದು ಮೂತ್ರವನ್ನು ತಿಳಿಯಾಗಿಸುವ ಉಪಾಯವೂ ನಿಲ್ಲುವುದಿಲ್ಲ. ಪ್ರಯೋಗಾಲಯ ಅದೇ ಮಾದರಿಯಲ್ಲಿ ಕ್ರಿಯಾಟಿನಿನ್ ಕೂಡ ನೋಡುತ್ತದೆ; ಅದು ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕೆಳಗಿದ್ದರೆ ಮಾದರಿ ತೆಳುವಾಗಿದೆ ಎಂದು ಗುರುತಿಸಿ ಮತ್ತೊಮ್ಮೆ ಕೇಳುತ್ತಾರೆ.

ಐದನೆಯದು: ಫಲಿತಾಂಶ ಒಪ್ಪಿಗೆಯಾಗದಿದ್ದರೆ

ತಂಬಾಕನ್ನು ಮುಟ್ಟದವರಿಗೆ ಪಾಸಿಟಿವ್ ಬಂದರೆ ಸುಮ್ಮನಿರಬೇಕಾಗಿಲ್ಲ. ಮೊದಲ ಹಂತದ ಪರೀಕ್ಷೆ ಸಾಮಾನ್ಯವಾಗಿ ಪ್ರತಿಕಾಯ ಆಧಾರಿತ. ಅದು ಅಗ್ಗ, ವೇಗ, ಆದರೆ ಕೋಟಿನಿನ್ ಅನ್ನೇ ಹೋಲುವ ಇತರ ಅಣುಗಳನ್ನೂ ಸ್ವಲ್ಪಮಟ್ಟಿಗೆ ಎಣಿಸಿಬಿಡುತ್ತದೆ. ಅದೇ ಮಾದರಿಯನ್ನು ಮಾಸ್ ಸ್ಪೆಕ್ಟ್ರೊಮೆಟ್ರಿ ವಿಧಾನದಿಂದ ಖಚಿತಪಡಿಸಿ, ಸಂಖ್ಯೆಯನ್ನೂ ಬಳಸಿದ ಗಡಿಯನ್ನೂ ಬರಹದಲ್ಲಿ ಕೊಡಿ ಎಂದು ಕಂಪನಿಗೆ ಪತ್ರ ಬರೆಯಬೇಕು.

ಗಮ್ ಅಥವಾ ಪ್ಯಾಚ್ ಬಳಸುವವರು ಅನಾಬಸೀನ್ ಪರೀಕ್ಷೆಯನ್ನೂ ಕೇಳಬಹುದು. ಅನಾಬಸೀನ್ ಎಂಬುದು ತಂಬಾಕಿನ ಎಲೆಯಲ್ಲಿ ಅಲ್ಪ ಪ್ರಮಾಣದಲ್ಲಿರುವ, ಔಷಧದ ಗಮ್ ಮತ್ತು ಪ್ಯಾಚ್‌ಗಳಲ್ಲಿ ಇಲ್ಲದ ವಸ್ತು. ಮೂತ್ರದಲ್ಲಿ ಕೋಟಿನಿನ್ ಇದ್ದು ಅನಾಬಸೀನ್ ಇಲ್ಲದಿದ್ದರೆ ನಿಕೋಟಿನ್ ಔಷಧದಿಂದ ಬಂದಿದೆ ಎಂಬ ಮಾತಿಗೆ ಬಲ ಬರುತ್ತದೆ. ಅದು ಪೂರ್ಣ ಸಾಕ್ಷಿಯಲ್ಲ, ಏಕೆಂದರೆ ಅಪರೂಪಕ್ಕೆ ಸೇದುವವರಲ್ಲೂ ಅದು ಪತ್ತೆಯ ಮಟ್ಟಕ್ಕೆ ಏರದೆ ಇರಬಹುದು. ಅಲ್ಲದೆ ಕಂಪನಿಯ ಪ್ರಶ್ನೆಯಲ್ಲಿ ‘ನಿಕೋಟಿನ್’ ಎಂಬ ಪದವೇ ಇದ್ದರೆ ಈ ಫಲಿತಾಂಶದಿಂದ ದರ ಇಳಿಯುವುದಿಲ್ಲ. ಆಗ ಉಳಿಯುವ ದಾರಿ, ಗಮ್ ಅಥವಾ ಪ್ಯಾಚ್ ನಿಲ್ಲಿಸಿದ ದಿನಾಂಕವನ್ನು ವೈದ್ಯರ ಚೀಟಿಯಲ್ಲಿ ದಾಖಲಿಸಿಕೊಂಡು, ಅಲ್ಲಿಂದ ಕಂಪನಿ ಹೇಳಿದ ಅವಧಿ ತುಂಬಿದ ಮೇಲೆ ದರ ಮರುಪರಿಶೀಲನೆಗೆ ಅರ್ಜಿ ಹಾಕುವುದು.