ಕೋಆಕ್ಸಿಯಲ್ ಹೊರಗೆ ಸೊನ್ನೆ ತರಲು ನಲವತ್ತು ತಂತಿ ಬೇಕಾಯಿತು

ಕಾಂತಕ್ಷೇತ್ರ ಅಳೆಯುವ ಐವತ್ತು ರೂಪಾಯಿಯ ಹಾಲ್ ಸೆನ್ಸರ್ ಹಿಡಿದು ಆಂಪಿಯರ್ ನಿಯಮವನ್ನು ಅಳೆದೇ ತೋರಿಸುತ್ತೇನೆ ಅಂದಾಗ ನಮ್ಮ ವಿಭಾಗದಲ್ಲಿ ಯಾರೂ ನಂಬಲಿಲ್ಲ. ಸೊಲೆನಾಯ್ಡ್ ನಡುವೆ ಒಂದು ರೀಡಿಂಗ್ ತೆಗೆದು ಸೂತ್ರಕ್ಕೆ ಹೋಲಿಸುವ ಮಾತಲ್ಲ ಇದು. ಒಂದು ಮುಚ್ಚಿದ ದಾರಿ ಹಿಡಿದು ಬಿಂದು ಬಿಂದುವಿನಲ್ಲಿ ಕ್ಷೇತ್ರ ಅಳೆಯಬೇಕು, ಎಲ್ಲ ಕೂಡಿಸಬೇಕು, ಆ ದಾರಿಯೊಳಗೆ ಹಾಯುವ ಕರೆಂಟ್ I ಆದರೆ ಮೊತ್ತ μ₀I ಬರಬೇಕು. "ಗಾಸ್‌ಮೀಟರ್ ಇಲ್ಲದೆ ಆಗಲ್ಲ, ಬಿಡಿ ಸರ್" ಅಂದರು ಹಿರಿಯರೊಬ್ಬರು. ಗಾಸ್‌ಮೀಟರಿನ ಬೆಲೆ ಕೇಳಿ ನಾನೇ ಬಿಟ್ಟೆ. ಸೆನ್ಸರ್ ಬಿಡಲಿಲ್ಲ.

ಮೊದಲ ಸೊಲೆನಾಯ್ಡ್ ಹಾಳಾಯಿತು. ಸುತ್ತು ಜಾಸ್ತಿ ಸಿಗಲಿ ಅಂತ 30 ಗೇಜ್ ತಂತಿ ಸುತ್ತಿದ್ದೆ. ಕರೆಂಟ್ ಕೊಟ್ಟ ಎರಡು ನಿಮಿಷಕ್ಕೆ ಪೈಪ್ ಬಿಸಿ, ಸೆನ್ಸರ್ ಬಿಸಿ, ರೀಡಿಂಗ್ ತೇಲುತ್ತಾ ಹೋಯಿತು. ನಾನ್ನೂರು ರೂಪಾಯಿ ತಂತಿ ಮೂಲೆ ಸೇರಿತು. ಎರಡನೇ ಸಲ ಮೋಟಾರ್ ವೈಂಡಿಂಗ್ ಅಂಗಡಿಯಿಂದ 22 ಗೇಜ್ ತಂದೆ. ನಾಲ್ಕು ಸೆಂಟಿಮೀಟರ್ ದಪ್ಪದ ಪಿವಿಸಿ ಪೈಪ್, 50 ಸೆಂಟಿಮೀಟರ್ ಉದ್ದ, ಒಂದೇ ಪದರ, ಸುಮಾರು 650 ಸುತ್ತು. ತಡೆ ಮೂರೂವರೆ ಓಮ್ ಚಿಲ್ಲರೆ. 1.5 ಆಂಪಿಯರ್ ಕೊಟ್ಟರೆ ಒಳಗೆ 24 ಗಾಸ್ ಮೇಲೆ ಬರಬೇಕು.

ಬರಲಿಲ್ಲ. ಒಂದು ದಿನ 18 ಬಂದರೆ ಇನ್ನೊಂದು ದಿನ 31. ಕಾರಣ ಹುಡುಕಲು ಎರಡು ವಾರ ಹಿಡಿಯಿತು. ನನ್ನ 49E ಹಾಲ್ ಸೆನ್ಸರಿನ ಸೊನ್ನೆ, ಅಂದರೆ ಕ್ಷೇತ್ರ ಇಲ್ಲದಾಗ ಅದು ಕೊಡುವ ವೋಲ್ಟೇಜ್, ಅದರ ಸಪ್ಲೈಯ ಅರ್ಧದಲ್ಲಿ ಕೂತಿರುತ್ತದೆ. ನಾನು ಕಾಯಿಲ್‌ಗೂ ಸೆನ್ಸರ್‌ಗೂ ಒಂದೇ ಸಪ್ಲೈ ಕೊಟ್ಟಿದ್ದೆ. ಕಾಯಿಲ್ ಆನ್ ಆದ ಕೂಡಲೇ 5 ವೋಲ್ಟ್ ಒಂದಿಪ್ಪತ್ತು ಮಿಲಿವೋಲ್ಟ್ ಕುಸಿಯುತ್ತಿತ್ತು, ಸೊನ್ನೆ ಹತ್ತು ಮಿಲಿವೋಲ್ಟ್ ಸರಿಯುತ್ತಿತ್ತು. ನನಗೆ ಬೇಕಾದ ಸಿಗ್ನಲ್ಲೇ 34 ಮಿಲಿವೋಲ್ಟ್! ಸೆನ್ಸರಿಗೆ ಬೇರೆ ಬ್ಯಾಟರಿ, ನಡುವೆ ಒಂದು 7805 ರೆಗ್ಯುಲೇಟರ್ ಹಾಕಿದ ಮೇಲೆ ಸರಿಹೋಯಿತು.

ಮೀಟರಿನ ಕಡೆಯೂ ಒಂದು ತೊಡಕಿತ್ತು. ಎರಡೂವರೆ ವೋಲ್ಟ್ ಮೇಲೆ ಕೂತ ಸಣ್ಣ ಬದಲಾವಣೆಯನ್ನು ಮಲ್ಟಿಮೀಟರಿನ 20 ವೋಲ್ಟ್ ರೇಂಜ್ ಕಾಣಿಸುವುದಿಲ್ಲ. ಅದೇ 5 ವೋಲ್ಟ್‌ನಿಂದ ಹತ್ತು ಸುತ್ತಿನ ಪಾಟ್ ಒಂದರಲ್ಲಿ ಎರಡೂವರೆ ತೆಗೆದು, ಮೀಟರನ್ನು ಆ ಪಾಟ್ ಮತ್ತು ಸೆನ್ಸರ್ ನಡುವೆ ಇಟ್ಟೆ. ಆಗ 200 ಮಿಲಿವೋಲ್ಟ್ ರೇಂಜ್ ಸಾಕು, 0.1 ಮಿಲಿವೋಲ್ಟ್ ತನಕ ಕಾಣುತ್ತದೆ. ಪ್ರತಿ ಬಿಂದುವಿನಲ್ಲೂ ಕರೆಂಟ್ ತಿರುಗಿಸಿ ಎರಡು ರೀಡಿಂಗ್ ತೆಗೆದು, ವ್ಯತ್ಯಾಸದ ಅರ್ಧ ಬರೆದುಕೊಂಡೆ. ಭೂಮಿಯ ಕ್ಷೇತ್ರ, ಉಳಿದ ಆಫ್‌ಸೆಟ್ ಎಲ್ಲ ಅಲ್ಲೇ ಕಳೆದುಹೋಗುತ್ತದೆ. ಆದರೆ ಕಬ್ಬಿಣದ ಕಾಲಿನ ಮೇಜು ಹತ್ತಿರವಿದ್ದರೆ ಈ ಉಪಾಯ ನಡೆಯುವುದಿಲ್ಲ. ಕರೆಂಟ್ ಜೊತೆ ಕಬ್ಬಿಣದ ಕಾಂತತೆಯೂ ತಿರುಗುತ್ತದಲ್ವಾ? ಮರದ ಬೆಂಚಿಗೆ ಹೋದೆ.

ಈಗ ಕೂಡಿಸುವ ಕೆಲಸ. ಅಕ್ಷದ ಮೇಲೆ ಎರಡೆರಡು ಸೆಂಟಿಮೀಟರಿಗೆ ಒಂದು ರೀಡಿಂಗ್. ಕೊಳವೆಯ ಬಾಯಲ್ಲಿ ಕ್ಷೇತ್ರ ಅರ್ಧಕ್ಕೆ ಬರುತ್ತದೆ, ಎಲ್ಲರಿಗೂ ಗೊತ್ತು. ಅಲ್ಲಿಗೆ ನಿಲ್ಲಿಸದೆ ಎರಡೂ ಕಡೆ ಹತ್ತು ಸೆಂಟಿಮೀಟರ್ ಹೊರಗೂ ಹೋದೆ. ದೂರದಲ್ಲಿ ದಾರಿ ಮುಚ್ಚಿದರೆ ಆ ಭಾಗದಲ್ಲಿ ಕೂಡಿಸಲು ಏನೂ ಉಳಿದಿರುವುದಿಲ್ಲ. ಹಾಗಾಗಿ ಅಕ್ಷದ ಮೇಲಿನ ಮೊತ್ತವೇ μ₀NI, N ಅಂದರೆ ಒಟ್ಟು ಸುತ್ತು. ಸೊಲೆನಾಯ್ಡ್ ಅನಂತ ಉದ್ದ ಇರಬೇಕು ಅನ್ನುವ ಷರತ್ತೇ ಇಲ್ಲಿ ಬೇಕಿಲ್ಲ. ಬಾಯಿಂದ ಹೊರಗೆ ಸೋರಿದ್ದನ್ನೂ ನಾವು ಎಣಿಸಿಬಿಟ್ಟಿದ್ದೇವೆ. ಬಂದ ಮೊತ್ತದಿಂದ ಸೆನ್ಸರಿನ ಲೆಕ್ಕ ಹಾಕಿದರೆ ಒಂದು ಗಾಸ್‌ಗೆ 1.4 ಮಿಲಿವೋಲ್ಟ್ ಆಸುಪಾಸು. ಡೇಟಾಶೀಟಿನಲ್ಲಿ ಇರುವುದೂ ಅದೇ.

ಹಿರಿಯರು ಒಪ್ಪಲಿಲ್ಲ. "ನಿಯಮ ನಂಬಿಕೊಂಡು ಸೆನ್ಸರ್ ಕೂರಿಸಿದ್ದೀರಿ. ಅದೇ ಸೆನ್ಸರಿಂದ ಅದೇ ನಿಯಮ ತೋರಿಸಿದರೆ ಏನು ಬಂತು?" ಒಳ್ಳೆಯ ಪ್ರಶ್ನೆ. ಆಕಾರವೇ ಬೇರೆ ಇರುವ ಕರೆಂಟಿನಲ್ಲಿ ಅದೇ ಸಂಖ್ಯೆ ನಡೆಯಬೇಕು. ಅದಕ್ಕೇ ಕೋಆಕ್ಸಿಯಲ್: ನಡುವೆ ಹೋಗುವ ಕರೆಂಟ್, ಅದರ ಸುತ್ತಲಿನ ಕೊಳವೆಯಲ್ಲಿ ವಾಪಸ್ ಬರುವ ಕರೆಂಟ್.

ಟಿವಿ ಕೇಬಲ್ಲಿನ ಒಳಗೆ ಸೆನ್ಸರ್ ಹೋಗುವುದಿಲ್ಲ, ನಡುವಿನ ಜಾಗವೇ ಎರಡು ಮಿಲಿಮೀಟರ್ ಇರುವುದಿಲ್ಲ. ದೊಡ್ಡದು ಕಟ್ಟಬೇಕು. ತಾಮ್ರದ ಕೊಳವೆ ತಂದು ಒಂದೇ ಕಂಬಿಯಲ್ಲಿ 10 ಆಂಪಿಯರ್ ಹರಿಸಿದರೂ ಎರಡು ಸೆಂಟಿಮೀಟರ್ ದೂರದಲ್ಲಿ ಬರುವುದು ಒಂದೇ ಗಾಸ್. ಅದಕ್ಕೆ 110 ಮಿಲಿಮೀಟರ್ ಪಿವಿಸಿ ಪೈಪ್, 60 ಸೆಂಟಿಮೀಟರ್ ತುಂಡು ತಗೊಂಡೆ. ತಂತಿಯನ್ನು ಅಕ್ಷದ ಮೇಲೆ ಒಯ್ದು ಪೈಪಿನ ಹೊರಮೈ ಮೇಲೆ ವಾಪಸ್ ತಂದೆ. ಹೀಗೆ ನಲವತ್ತು ಸಲ, ಒಂದೇ ತಂತಿ. 2 ಆಂಪಿಯರ್ ಹರಿಸಿದರೆ ನಡುವೆ 80 ಆಂಪಿಯರ್ ಹೋದ ಹಾಗೆ, ಹೊರಪದರದಲ್ಲಿ 80 ವಾಪಸ್.

ಮೊದಲು ಸುಮ್ನೆ ಕೆಲಸ ಬೇಗ ಮುಗಿಯಲಿ ಅಂತ ವಾಪಸ್ ತಂತಿಗಳನ್ನೆಲ್ಲ ಒಂದೇ ಕಡೆ ಕಟ್ಟಾಗಿ ಟೇಪ್ ಹಚ್ಚಿದ್ದೆ. ಅಕ್ಷದಿಂದ ಎಂಟು ಸೆಂಟಿಮೀಟರ್ ದೂರದಲ್ಲಿ, ಹೊರಗೆ, ಸೊನ್ನೆ ಬರುತ್ತದೆ ಅಂತ ಕಾದರೆ ಕಟ್ಟಿನ ಬಳಿ ಆರು ಮಿಲಿವೋಲ್ಟ್ ಉಲ್ಟಾ, ಎದುರು ಬದಿಯಲ್ಲಿ ಒಂದು ಮಿಲಿವೋಲ್ಟ್ ಸೀದಾ. "ನೋಡಿ, ನಾನು ಹೇಳಿರಲಿಲ್ವಾ?" ಅಂದರು ಹಿರಿಯರು. ರಾತ್ರಿ ಮನೆಯಲ್ಲಿ ಆ ವೃತ್ತದ ಹತ್ತು ರೀಡಿಂಗ್ ಕೂಡಿಸಿದೆ. ಮೊತ್ತ ಹೆಚ್ಚು ಕಡಿಮೆ ಸೊನ್ನೆ! ಕಟ್ಟಿನ ಬಳಿಯ ಒಂದೆರಡು ದೊಡ್ಡ ಉಲ್ಟಾ ರೀಡಿಂಗನ್ನು ಉಳಿದ ಸಣ್ಣ ಸಣ್ಣ ರೀಡಿಂಗ್‌ಗಳು ಸೇರಿ ಸರಿದೂಗಿಸಿದ್ದವು. ನಿಯಮ ಹೇಳುವುದು ಮೊತ್ತ ಸೊನ್ನೆ ಅಂತ ಮಾತ್ರ. ಕ್ಷೇತ್ರವೇ ಎಲ್ಲೆಡೆ ಸೊನ್ನೆ ಆಗಲು ವಾಪಸ್ ಕರೆಂಟ್ ಸುತ್ತಲೂ ಸಮವಾಗಿ ಹರಡಿರಬೇಕು. ವರ್ಷಗಟ್ಟಲೆ ಬೋರ್ಡ್ ಮೇಲೆ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾ ಬಂದಿದ್ದೆ.

ಎಲ್ಲ ಬಿಚ್ಚಿ ಮತ್ತೆ ಕಟ್ಟಿದೆ. ಒಂಬತ್ತು ಡಿಗ್ರಿಗೆ ಒಂದು ತಂತಿ, ಎರಡೂ ತುದಿಯಲ್ಲಿ ಚಕ್ರದ ಅರಗಳಂತೆ ಸಮ ಅಂತರ. ಪೈಪಿನ ನಡುಭಾಗದಲ್ಲಿ ತಂತಿಗಳ ಮಧ್ಯೆ ಹತ್ತು ತೂತು ಕೊರೆದು, ಐಸ್‌ಕ್ರೀಮ್ ಕಡ್ಡಿಗೆ ಸೆನ್ಸರ್ ಅಂಟಿಸಿ ಒಳಗೆ ಇಳಿಸಿದೆ. ಎರಡು ಸೆಂಟಿಮೀಟರ್ ತ್ರಿಜ್ಯದಲ್ಲಿ 11 ಮಿಲಿವೋಲ್ಟ್, ಮೂರರಲ್ಲಿ ಏಳೂವರೆ, ನಾಲ್ಕರಲ್ಲಿ ಐದೂವರೆ. ಸೊಲೆನಾಯ್ಡ್‌ನಿಂದ ಬಂದ 1.4 ಹಾಕಿದರೆ ಮೂರು ಸೆಂಟಿಮೀಟರಿನಲ್ಲಿ 5.36 ಗಾಸ್. ವೃತ್ತದ ಉದ್ದ 18.8 ಸೆಂಟಿಮೀಟರಿಗೆ ಗುಣಿಸಿದರೆ 101 ಗಾಸ್-ಸೆಂಟಿಮೀಟರ್. μ₀ ಗುಣಿಸು 80 ಆಂಪಿಯರ್ ಎಷ್ಟು? 100.5. ಮೂರೂ ವೃತ್ತಗಳಲ್ಲಿ ಮೊತ್ತ ಮೂರು ಪರ್ಸೆಂಟಿನ ಒಳಗೆ ಒಂದೇ ಬಂತು. ಹೊರಗೆ ಎಂಟು ಸೆಂಟಿಮೀಟರಿನಲ್ಲಿ, ಯಾವ ಕಡೆ ಹಿಡಿದರೂ, ಮೀಟರಿನ ಕೊನೆಯ ಅಂಕಿ ಕೂಡ ಅಲುಗಲಿಲ್ಲ.

ಕಡ್ಡಿ ಸ್ವಲ್ಪ ತಿರುಚಿದರೂ ರೀಡಿಂಗ್ ಕೆಡುತ್ತದೆ. ಅದನ್ನು ನೇರವಾಗಿ ನಿಲ್ಲಿಸಲು ಒಂದು ಸಣ್ಣ ಸಲಕರಣೆ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ನಿಮ್ಮ ಕೈಗೆ ಒಗ್ಗುವಂಥದ್ದು ನೀವೇ ಮಾಡಿಕೊಳ್ಳಿ.

ಮಧ್ಯೆ ಇನ್ನೊಂದು ಪ್ರಯೋಗಕ್ಕೂ ಕೈ ಹಾಕಿದೆ. ಅಕ್ವೇರಿಯಂ ಗಾಳಿ ಪೈಪಿನ ಮೇಲೆ ಸಣ್ಣ ತಂತಿಯನ್ನು ಒತ್ತಾಗಿ ಸುತ್ತಿ ಬೆಲ್ಟ್ ಮಾಡಿದೆ, ರೊಗೋವ್ಸ್ಕಿ ಕಾಯಿಲ್. ಟ್ರಾನ್ಸ್‌ಫಾರ್ಮರ್‌ನಿಂದ 50 ಹರ್ಟ್ಸ್ ಕರೆಂಟ್ ಕೊಟ್ಟರೆ ಬೆಲ್ಟೇ ಪೂರ್ತಿ ಮೊತ್ತ ಕೂಡಿಸಿಕೊಡುತ್ತದೆ. ನಡುವಿನ ತಂತಿಕಟ್ಟನ್ನು ಸುತ್ತಿದಾಗ ಒಂದು ಮಿಲಿವೋಲ್ಟ್ ಚಿಲ್ಲರೆ ಬಂತು. ಬೆಲ್ಟನ್ನು ದುಂಡಗೆ ಹಿಡಿದರೂ ಸೊಟ್ಟಗೆ ಹಿಡಿದರೂ ಅಷ್ಟೇ. ಇಡೀ ಪೈಪನ್ನು ಸುತ್ತಿದರೆ ಸೊನ್ನೆ. ವಾಪಸ್ ತಂತಿಗಳನ್ನು ಮತ್ತೆ ಒಂದೇ ಕಡೆ ಕಟ್ಟಿ ನೋಡಿದೆ, ಆಗಲೂ ಸೊನ್ನೆ. ಬೆಲ್ಟಿನ ಎರಡು ತುದಿ ಸರಿಯಾಗಿ ಕೂಡಿರಬೇಕು, ಬೆರಳಗಲ ಸಂದು ಬಿಟ್ಟರೂ ಸೊನ್ನೆ ಕೆಡುತ್ತದೆ.

ಹಾಳಾದ ತಂತಿಯೂ ಸೇರಿ ಒಟ್ಟು ಖರ್ಚು ಎರಡೂವರೆ ಸಾವಿರದ ಹತ್ತಿರ. ಕಳೆದ ತಿಂಗಳು ಹಿರಿಯರೇ ಬಂದು ಕಡ್ಡಿ ಕೈಗೆ ತಗೊಂಡು ಹತ್ತು ತೂತಿನಲ್ಲೂ ಇಳಿಸಿ ತಾವೇ ಕೂಡಿಸಿದರು. ಅವರಿಗೆ ಬಂದದ್ದು 98.