ಪಟಾಕಿ ಗಾಯಗಳ ವರದಿ: ಬಡಾವಣೆಯ ಸಂಘ ಏನನ್ನು, ಹೇಗೆ ಬರೆದಿಡಬೇಕು?

ಹಬ್ಬ ಮುಗಿದ ಮೇಲೆ ಬಹುತೇಕ ಸಂಘಗಳ ವರದಿ ಎರಡೇ ಸಾಲಿನಲ್ಲಿ ಮುಗಿಯುತ್ತದೆ: ಇಷ್ಟು ಮಂದಿಗೆ ಗಾಯ, ಅವರಲ್ಲಿ ಇಷ್ಟು ಮಕ್ಕಳು. ಮುಂದಿನ ಹಬ್ಬಕ್ಕೆ ಏನನ್ನು ಬದಲಾಯಿಸಬೇಕು ಎಂಬುದು ಈ ಲೆಕ್ಕದಿಂದ ತಿಳಿಯುವುದಿಲ್ಲ. ಅದು ತಿಳಿಯಬೇಕಾದರೆ ಪ್ರತಿಯೊಂದು ಗಾಯಕ್ಕೂ ಮೂರು ವಿಷಯ ಸರಿಯಾಗಿ ದಾಖಲಾಗಬೇಕು: ಜಾಗ, ವಯಸ್ಸು, ಪ್ರಥಮ ಚಿಕಿತ್ಸೆ. ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು ಅದೇ.

ಮೊದಲು: ಯಾವುದನ್ನು ಗಾಯವೆಂದು ಎಣಿಸಬೇಕು?

ಹಬ್ಬಕ್ಕೆ ಮುಂಚೆಯೇ ಇದನ್ನು ತೀರ್ಮಾನಿಸಿಕೊಳ್ಳಿ. ಚರ್ಮದಲ್ಲಿ ಬೊಬ್ಬೆ ಎದ್ದ ಅಥವಾ ಸಿಪ್ಪೆ ಕಿತ್ತುಬಂದ ಎಲ್ಲ ಸುಟ್ಟಗಾಯಗಳು, ಕಣ್ಣಿಗೆ ತಗುಲಿದ ಏನೇ ಆದರೂ, ಮರುದಿನವೂ ನಿಲ್ಲದ ಕಿವಿಯ ಗುಂಯ್ಗುಡುವಿಕೆ, ಇಷ್ಟನ್ನು ಸೇರಿಸಿದರೆ ಸಾಕು. ಅವಧಿಯನ್ನು ಹಬ್ಬದ ರಾತ್ರಿಗೆ ನಿಲ್ಲಿಸಬೇಡಿ. ಮರುದಿನ ಬೆಳಿಗ್ಗೆ ಬೀದಿಯಲ್ಲಿ ಬಿದ್ದಿರುವ ಠುಸ್ಸಾದ ಪಟಾಕಿಗಳನ್ನು ಮಕ್ಕಳು ಆರಿಸಿ ಮತ್ತೆ ಹಚ್ಚುತ್ತಾರೆ. ಕೆಲವರು ಒಳಗಿನ ಮದ್ದನ್ನು ಕಾಗದದ ಮೇಲೆ ಸುರಿದು ಬೆಂಕಿ ಕೊಡುತ್ತಾರೆ. ಕೈ ಮತ್ತು ಮುಖ ಒಟ್ಟಿಗೆ ಸುಡುವ ಗಾಯಗಳು ಹೀಗೆಯೇ ಆಗುತ್ತವೆ. ಆದ್ದರಿಂದ ಕೊನೆಯ ಪಟಾಕಿ ಸಿಡಿದ ಮೇಲೂ ಎರಡು ದಿನ ಪಟ್ಟಿ ತೆರೆದಿರಲಿ.

ಒಂದು ಪ್ರಕರಣ ಬರೆದು ನೋಡೋಣ

ಉದಾಹರಣೆಗೆ ಹೀಗೆಂದುಕೊಳ್ಳಿ. 10 ವರ್ಷದ ಹುಡುಗನೊಬ್ಬ ನಿಂತಿದ್ದ ಎರಡು ಕಾರುಗಳ ನಡುವೆ ಹೂಕುಂಡ ಹಚ್ಚಿದ. ಬತ್ತಿ ಅರ್ಧ ಉರಿದು ನಂದಿದಂತೆ ಕಂಡಿತು. ಬಗ್ಗಿ ನೋಡುವಾಗ ಅದು ಹೊತ್ತಿಕೊಂಡಿತು. ಬಲ ಅಂಗೈ ಮತ್ತು ಬೆರಳುಗಳು ಸುಟ್ಟವು, ಬಲಗಣ್ಣಿಗೆ ಕಿಡಿ ತಗುಲಿತು. ಆಗ ರಾತ್ರಿ 8.40. ಮನೆಯವರು ಕೈಗೆ ಟೂತ್‌ಪೇಸ್ಟ್ ಹಚ್ಚಿದರು, ಹುಡುಗ ಕಣ್ಣು ಉಜ್ಜಿಕೊಂಡ. 9.05ಕ್ಕೆ ನೆರೆಮನೆಯವರು ಬಂದು ಕೈಯನ್ನು ನಲ್ಲಿಯ ಕೆಳಗೆ ಹಿಡಿದರು. 9.40ಕ್ಕೆ ಆಸ್ಪತ್ರೆ ತಲುಪಿದರು.

'ಜಾಗ'ದ ಕಲಮಿನಲ್ಲಿ ಬೀದಿಯ ಹೆಸರು ಬರೆದರೆ ಏನೂ ಹೇಳಿದಂತಾಗಲಿಲ್ಲ. 'ಕಾರುಗಳ ನಡುವೆ, ಹಿಂದೆ ಸರಿಯಲು ಜಾಗವಿರಲಿಲ್ಲ' ಎಂದು ಬರೆದರೆ ಕಾರಣವೇ ಸಿಕ್ಕಿತು. ಪಟಾಕಿ ಎಲ್ಲಿತ್ತು, ಗಾಯಗೊಂಡವರು ಅಲ್ಲಿಂದ ಎಷ್ಟು ಹೆಜ್ಜೆ ದೂರದಲ್ಲಿದ್ದರು, ಹಚ್ಚಿದವರು ಅವರೇನಾ ಅಥವಾ ಬರೀ ನೋಡುತ್ತಿದ್ದವರಾ, ಈ ಮೂರೂ ಬೇಕು. ಪಟಾಕಿಯಿಂದ ಕಣ್ಣು ಕಳೆದುಕೊಳ್ಳುವವರಲ್ಲಿ ಪಟಾಕಿಯನ್ನು ಮುಟ್ಟಿಯೇ ಇರದವರು ಬಹಳ ಮಂದಿ ಇರುತ್ತಾರೆ. ಬಾಟಲಿಯಲ್ಲಿ ಇಟ್ಟ ರಾಕೆಟ್ ವಾಲಿದರೆ ಅದು ಹೋಗುವುದು ನೋಡುತ್ತ ನಿಂತವರ ಕಡೆಗೆ. ಹಚ್ಚುವವರಿಗೆ ಎಷ್ಟು ಬುದ್ಧಿ ಹೇಳಿದರೂ ಇಂಥ ಗಾಯ ನಿಲ್ಲುವುದಿಲ್ಲ. ನೋಡುವವರು ಎಲ್ಲಿ ನಿಲ್ಲಬೇಕೆಂದು ಗೆರೆ ಎಳೆಯಬೇಕಾಗುತ್ತದೆ.

ವಯಸ್ಸಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 'ಮಗು' ಎನ್ನದೆ ವರ್ಷವನ್ನೇ ಬರೆಯಿರಿ, ಜೊತೆಯಲ್ಲಿ ದೊಡ್ಡವರಿದ್ದರೇ ಎಂಬುದನ್ನೂ ಸೇರಿಸಿ. 3 ವರ್ಷದ ಮಗುವಿನ ಕೈಗೆ ಸುರ್‌ಸುರ್ ಬತ್ತಿ ಕೊಟ್ಟವರು ದೊಡ್ಡವರೇ. 12 ವರ್ಷದವನು ಒಂಟಿಯಾಗಿ ಮದ್ದು ಸುರಿದಿರುತ್ತಾನೆ. ಎರಡಕ್ಕೂ ಪರಿಹಾರ ಬೇರೆ ಬೇರೆ. ಸುರ್‌ಸುರ್ ಬತ್ತಿ ನಿರುಪದ್ರವಿ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಅದರ ತುದಿಯ ಬಿಸಿ ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಆರಿದ ಮೇಲೂ ತಂತಿ ಕೆಲಹೊತ್ತು ಸುಡುತ್ತಲೇ ಇರುತ್ತದೆ.

ಪ್ರಥಮ ಚಿಕಿತ್ಸೆಯ ಕಲಮು: ನಿಮಿಷಗಳನ್ನು ಬರೆಯಿರಿ

'ಪ್ರಥಮ ಚಿಕಿತ್ಸೆ ನೀಡಲಾಯಿತು' ಎಂಬ ವಾಕ್ಯವನ್ನು ವರದಿಯಿಂದ ಹೊಡೆದುಹಾಕಿ. ಗಾಯದ ಮೇಲೆ ಮೊದಲು ಏನು ಬಿತ್ತು, ತಣ್ಣೀರು ಎಷ್ಟು ನಿಮಿಷದ ನಂತರ ಬಿತ್ತು, ಎಷ್ಟು ಹೊತ್ತು ಬಿತ್ತು ಎಂಬುದನ್ನು ಬರೆಯಿರಿ. ನಮ್ಮ ಪ್ರಕರಣದಲ್ಲಿ ಮೊದಲು ಬಿದ್ದದ್ದು ಟೂತ್‌ಪೇಸ್ಟ್, ನೀರು ಬಂದದ್ದು 25 ನಿಮಿಷ ತಡವಾಗಿ.

ಸುಟ್ಟ ಕೂಡಲೇ ಹರಿಯುವ ತಂಪು ನೀರಿನ ಕೆಳಗೆ 20 ನಿಮಿಷ ಹಿಡಿಯುವುದು ಸರಿಯಾದ ಕ್ರಮ. ಬೆಂಕಿ ಆರಿದರೂ ಚರ್ಮದೊಳಗೆ ಉಳಿದ ಬಿಸಿ ಕೆಳಗಿನ ಪದರಗಳನ್ನು ಸುಡುತ್ತ ಹೋಗುತ್ತದೆ, ಆ ಬಿಸಿಯನ್ನು ನೀರು ಎಳೆದುಕೊಳ್ಳುತ್ತದೆ. ತಡವಾದರೂ 3 ಗಂಟೆಯೊಳಗೆ ಇದರಿಂದ ಪ್ರಯೋಜನವಿದೆ. ಹಾಗಾಗಿ ನೆರೆಮನೆಯವರು ಮಾಡಿದ್ದು ಸರಿ. ಟೂತ್‌ಪೇಸ್ಟ್ ಬಿಸಿ ಹೊರಹೋಗದಂತೆ ಮುಚ್ಚುತ್ತದೆ, ಗಾಯದ ಆಳ ವೈದ್ಯರಿಗೆ ಕಾಣದಂತೆ ಮಾಡುತ್ತದೆ. ಮಂಜುಗಡ್ಡೆ ರಕ್ತನಾಳಗಳನ್ನು ಕುಗ್ಗಿಸಿ ಗಾಯವನ್ನು ಇನ್ನಷ್ಟು ಕೆಡಿಸುತ್ತದೆ. ನೀರು ಹಾಕುವಾಗಲೇ ಉಂಗುರ, ಬಳೆ ತೆಗೆಯಿರಿ. ಬಾವು ಬಂದ ಮೇಲೆ ಬರುವುದಿಲ್ಲ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬೇಡಿ, ಬೊಬ್ಬೆಯನ್ನು ಒಡೆಯಬೇಡಿ. ಆಮೇಲೆ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ. ಚಿಕ್ಕ ಮಕ್ಕಳಿಗೆ ಗಾಯಕ್ಕೆ ಮಾತ್ರ ನೀರು ಬೀಳಲಿ, ಉಳಿದ ಮೈ ಬೆಚ್ಚಗಿರಲಿ.

ನೋವನ್ನು ನೋಡಿ ಗಾಯವನ್ನು ಅಳೆಯಲು ಹೋಗಬೇಡಿ. ಬಿಳಿಚಿಕೊಂಡು ಅಥವಾ ಕಪ್ಪಾಗಿ ಗಡುಸಾದ ಭಾಗ ನೋಯದಿದ್ದರೆ ಅಲ್ಲಿ ನರದ ತುದಿಗಳೇ ಸುಟ್ಟಿವೆ ಎಂದರ್ಥ. ಅದು ಆಳವಾದ ಗಾಯ. ಮುಖ, ಕೈ, ಪಾದ, ಕೀಲು, ಜನನಾಂಗ ಸುಟ್ಟರೆ ಗಾತ್ರ ಎಷ್ಟೇ ಇರಲಿ ಆಸ್ಪತ್ರೆಗೆ ಹೋಗಬೇಕು. ಬೇರೆಡೆ ಗಾಯ ಆ ವ್ಯಕ್ತಿಯ ಅಂಗೈಗಿಂತ ದೊಡ್ಡದಿದ್ದರೂ ಹೋಗಬೇಕು. ಬೆರಳುಗಳೂ ಸೇರಿದ ಅಂಗೈ ದೇಹದ ಮೇಲ್ಮೈಯ ಸುಮಾರು ಶೇ 1ರಷ್ಟು.

ಕಣ್ಣಿನ ನಿಯಮ ಬೇರೆ. ಉಜ್ಜುವುದಂತೂ ಬೇಡವೇ ಬೇಡ. ಬರೀ ಮದ್ದಿನ ಪುಡಿ ಬಿದ್ದಿದ್ದರೆ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಬಹುದು. ಆದರೆ ಪಟಾಕಿ ರಭಸದಿಂದ ಬಡಿದಿದ್ದರೆ, ಏನಾದರೂ ಚುಚ್ಚಿಕೊಂಡಿದ್ದರೆ, ಕಪ್ಪು ಪಾಪೆಯ ಆಕಾರ ಕೆಟ್ಟಿದ್ದರೆ, ರಕ್ತ ನಿಂತಿದ್ದರೆ ಅಥವಾ ದೃಷ್ಟಿ ಮಂಜಾಗಿದ್ದರೆ ಕಣ್ಣುಗುಡ್ಡೆ ಒಡೆದಿರಬಹುದು. ಆಗ ನೀರು, ಹನಿ, ಮುಲಾಮು ಯಾವುದೂ ಬೇಡ, ಹತ್ತಿಯಿಟ್ಟು ಒತ್ತಿ ಕಟ್ಟುವುದೂ ಬೇಡ. ಕಾಗದದ ಲೋಟದ ತಳಭಾಗವನ್ನು ಕತ್ತರಿಸಿಕೊಂಡು, ಅದರ ಅಂಚು ಕಣ್ಣಿನ ಸುತ್ತಲಿನ ಮೂಳೆಯ ಮೇಲೆ ಕೂರುವಂತೆ ಅದನ್ನು ಕಣ್ಣಿಗೆ ಮರೆಯಾಗಿ ಇಟ್ಟು ಅಂಟುಪಟ್ಟಿ ಹಾಕಿ ಕಣ್ಣಿನ ತಜ್ಞರ ಬಳಿಗೆ ಕರೆದೊಯ್ಯಿರಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಏನನ್ನೂ ತಿನ್ನಲು ಕುಡಿಯಲು ಕೊಡಬೇಡಿ.

ವರದಿಯಾಗಿ ಜೋಡಿಸುವಾಗ

ಮೂರನೇ ದಿನ ಪ್ರತಿ ಮನೆಗೂ ಇನ್ನೊಮ್ಮೆ ಹೋಗಿ ವಿಚಾರಿಸಿ. ಸುಟ್ಟಗಾಯದ ನಿಜವಾದ ಆಳ ಗೊತ್ತಾಗಲು ಎರಡು-ಮೂರು ದಿನ ಬೇಕು. ಮೊದಲ ರಾತ್ರಿ 'ಸಣ್ಣದು' ಎಂದು ಬರೆದದ್ದನ್ನು ತಿದ್ದಬೇಕಾಗಿ ಬರಬಹುದು. ಹೆಸರು, ಮನೆ ಸಂಖ್ಯೆ ಬರೆಯುವುದಿಲ್ಲವೆಂದು ಮೊದಲೇ ಹೇಳಿ, ಆ ಮಾತಿಗೆ ತಪ್ಪಬೇಡಿ. ಬೈಗುಳ ಬೀಳುವುದೆಂಬ ಭಯವಿದ್ದರೆ ತಾಯಿತಂದೆಯರು ಮಗುವಿನ ಗಾಯವನ್ನು ಮುಚ್ಚಿಡುತ್ತಾರೆ, ನಿಮ್ಮ ಪಟ್ಟಿ ಸುಳ್ಳಾಗುತ್ತದೆ.

ಗಾಯಗಳು ಏಳೆಂಟೇ ಇದ್ದರೆ ಶೇಕಡಾವಾರು ಹಾಕಬೇಡಿ, ಸಂಖ್ಯೆಯನ್ನೇ ಕೊಡಿ. ಎಂಟರಲ್ಲಿ ಒಂದು ಹೆಚ್ಚುಕಮ್ಮಿಯಾದರೆ ಶೇಕಡಾ ಹನ್ನೆರಡೂವರೆ ಜಿಗಿಯುತ್ತದೆ, ಓದಿದವರಿಗೆ ದೊಡ್ಡ ಬದಲಾವಣೆಯೇ ಆದಂತೆ ಕಾಣುತ್ತದೆ. 'ಕಳೆದ ಬಾರಿಗಿಂತ ಕಡಿಮೆ' ಎಂದು ಬರೆಯುವ ಮುನ್ನ ಎರಡೂ ಬಾರಿ ಒಂದೇ ರೀತಿಯಲ್ಲಿ, ಅಷ್ಟೇ ಮನೆಗಳಲ್ಲಿ ವಿಚಾರಿಸಿದ್ದಿರಾ ಎಂದು ನೋಡಿಕೊಳ್ಳಿ.

ಕೊನೆಗೆ ಬಡಾವಣೆಯ ನಕ್ಷೆಯೊಂದರ ಮೇಲೆ ಗಾಯವಾದ ಜಾಗಗಳಿಗೆ ಚುಕ್ಕೆ ಇಟ್ಟು, ಪಕ್ಕದಲ್ಲಿ ನೀರು ಬೀಳಲು ಹಿಡಿದ ನಿಮಿಷಗಳನ್ನು ಬರೆಯಿರಿ. 25 ಎಂದು ಬರೆದಿರುವ ಚುಕ್ಕೆಯ ಹತ್ತಿರ ಮುಂದಿನ ಬಾರಿ ನಲ್ಲಿಗೆ ಜೋಡಿಸಿದ ಪೈಪು ಇರಬೇಕು, ಆ ಸಂಜೆ ಕಾರುಗಳು ಅಲ್ಲಿ ನಿಲ್ಲಬಾರದು.