ಲಾಭ 12 ಲಕ್ಷ, ಕೈಯಲ್ಲಿ 3 ಲಕ್ಷ: ಒಂದು ದಾಲ್ ಮಿಲ್ಲಿನ ಕ್ಯಾಶ್ ಫ್ಲೋ ಬಿಡಿಸುವ ಬಗೆ

ಕಲಬುರಗಿಯ ದಾಲ್ ಮಿಲ್ಲುಗಳ ಲೆಕ್ಕ ನೋಡುವವರಿಗೆ ಏಪ್ರಿಲ್‌ನಲ್ಲಿ ಬರುವ ಪ್ರಶ್ನೆ ಒಂದೇ: "ಲಾಭ 12 ಲಕ್ಷ ಅಂತ ತೋರಿಸೀರಿ, ರೊಕ್ಕ ಎಲ್ಲಿ ಅದ?" ಲಾಭ-ನಷ್ಟದ ಪಟ್ಟಿಯಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಮಾಲು ಉದ್ರಿ ಹೋದರೂ ಅಲ್ಲಿ ಅದು ಮಾರಾಟವೇ. ಗೋದಾಮಿನಲ್ಲಿ ಉಳಿದ ತೊಗರಿಗೆ ಕೊಟ್ಟ ದುಡ್ಡು ಅಲ್ಲಿ ಖರ್ಚಾಗಿ ಕಾಣುವುದೇ ಇಲ್ಲ. ಉತ್ತರ ಇರುವುದು ಕ್ಯಾಶ್ ಫ್ಲೋ ಸ್ಟೇಟ್‌ಮೆಂಟಿನಲ್ಲಿ, ಅಂದರೆ ವರ್ಷದಲ್ಲಿ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಮೂರು ಭಾಗಗಳಲ್ಲಿ ತೋರಿಸುವ ಪಟ್ಟಿಯಲ್ಲಿ. ಸಣ್ಣ ಕಂಪನಿಗಳಿಗೂ ಸ್ವಂತ ಮಾಲೀಕತ್ವದ ಮಿಲ್ಲುಗಳಿಗೂ ಕಂಪನಿ ಕಾಯ್ದೆ ಇದನ್ನು ಕಡ್ಡಾಯ ಮಾಡಿಲ್ಲ. ಆದರೂ ನಾನು ಮಾಡಿಯೇ ಕೊಡುತ್ತೇನೆ.

ನಮ್ಮ ಭಾಗದಲ್ಲಿ ಇದು ಇನ್ನಷ್ಟು ಬೇಕಾಗಲು ಕಾರಣ ತೊಗರಿಯ ಕಾಲ. ರಾಶಿ ಮುಗಿದು ಗಂಜ್ ಮಾರುಕಟ್ಟೆಗೆ ಮಾಲು ಹೆಚ್ಚು ಬರುವುದು ಜನವರಿಯಿಂದ ಮಾರ್ಚ್ ನಡುವೆ. ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಗೋದಾಮು ತುಂಬಿ ಬ್ಯಾಂಕ್ ಖಾತೆ ಬರಿದಾಗಿರುವ ಹೊತ್ತಿನಲ್ಲೇ ಪಟ್ಟಿ ತಯಾರಾಗುತ್ತದೆ.

ಒಂದು ಮಿಲ್ಲಿನ 2024-25ರ ಲೆಕ್ಕ ಹಿಡಿಯೋಣ. ಬಿಡಿಸಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ, ಎಲ್ಲವೂ ಲಕ್ಷ ರೂಪಾಯಿಗಳಲ್ಲಿವೆ. ಮುಂದೆ ಇಟ್ಟುಕೊಳ್ಳಬೇಕಾದವು: 2024 ಮತ್ತು 2025ರ ಮಾರ್ಚ್ 31ರ ಎರಡು ಬ್ಯಾಲೆನ್ಸ್ ಶೀಟ್, ಆ ವರ್ಷದ ಲಾಭ-ನಷ್ಟದ ಪಟ್ಟಿ, ಸಾಲದ ಖಾತೆಗಳ ಸ್ಟೇಟ್‌ಮೆಂಟ್.

ನಾನು ಮೊದಲು ಬರೆಯುವುದು ಕೊನೆಯ ಸಾಲು. ಕೈಯಲ್ಲಿರುವ ನಗದು ಮತ್ತು ಕರೆಂಟ್ ಖಾತೆಯ ಶಿಲ್ಕು ಸೇರಿ ಹೋದ ವರ್ಷ 5 ಇತ್ತು, ಈಗ 3 ಇದೆ. ಅಂದರೆ ವರ್ಷದಲ್ಲಿ 2 ಕಡಿಮೆಯಾಗಿದೆ. ಮೂರು ಭಾಗಗಳನ್ನು ಕೂಡಿದಾಗ ಬರಬೇಕಾದ ಉತ್ತರ ಮೈನಸ್ 2 ಎಂದು ಮೊದಲೇ ಗೊತ್ತಿದ್ದರೆ ತಪ್ಪು ಅಡಗಿ ಕೂರುವುದಿಲ್ಲ.

ಮೊದಲ ಭಾಗ ಆಪರೇಟಿಂಗ್, ಅಂದರೆ ದಿನದ ವ್ಯಾಪಾರದ ಹಣ. ತೊಗರಿ ಕೊಳ್ಳುವುದು, ಬೇಳೆ ಮಾರುವುದು, ಹಮಾಲಿ, ಕರೆಂಟ್ ಬಿಲ್ ಎಲ್ಲ ಇಲ್ಲಿಗೇ. ಒಂದೊಂದು ವಹಿವಾಟನ್ನೂ ಎತ್ತಿ ಬರೆಯುವ ಬದಲು ಲಾಭದಿಂದ ಹೊರಟು ಅದನ್ನು ನಗದಿಗೆ ತರುವುದು ಸುಲಭ:

ಲಾಭ: 12
ಸವಕಳಿ ಕೂಡಿಸಿ: 4
ಬಡ್ಡಿ ಕೂಡಿಸಿ: 5
ಹಳೆಯ ಟೆಂಪೊ ಮಾರಿದ ಲಾಭ ಕಳೆಯಿರಿ: 1
ಇಲ್ಲಿಗೆ: 20

ಸವಕಳಿಯನ್ನು ಕೂಡಿಸುವುದೇಕೆಂದರೆ, ಲಾಭ ಲೆಕ್ಕ ಹಾಕುವಾಗ ಅದನ್ನು ಕಳೆದಿದ್ದರೂ ಯಾರಿಗೂ ಹಣ ಕೊಟ್ಟಿಲ್ಲ. ಬಡ್ಡಿಯ ಹಣ ನಿಜವಾಗಿಯೂ ಹೋಗಿದೆ, ಆದರೆ ಅದರ ಜಾಗ ಮೂರನೇ ಭಾಗ. ಅಲ್ಲಿ ಬರೆಯಲಿರುವುದರಿಂದ ಇಲ್ಲಿಂದ ತೆಗೆಯುತ್ತೇವೆ. ಟೆಂಪೊ ಮಾರಿದ ಪೂರ್ತಿ ಹಣ ಎರಡನೇ ಭಾಗಕ್ಕೆ ಹೋಗುವುದರಿಂದ ಅದರ ಲಾಭವೂ ಇಲ್ಲಿರಬಾರದು.

ಈಗ ಎರಡು ಬ್ಯಾಲೆನ್ಸ್ ಶೀಟ್ ಅಕ್ಕಪಕ್ಕ ಇಡಿ. ದಾಸ್ತಾನು 40 ಇದ್ದದ್ದು 65 ಆಗಿದೆ: 25 ಮೈನಸ್. ಬರಬೇಕಾದ ಉದ್ರಿ 18ರಿಂದ 24ಕ್ಕೆ ಏರಿದೆ: 6 ಮೈನಸ್. ಅಡತಿ ಅಂಗಡಿಗಳಿಗೆ ಕೊಡಬೇಕಾದ ಬಾಕಿ 10ರಿಂದ 13 ಆಗಿದೆ: 3 ಪ್ಲಸ್, ಏಕೆಂದರೆ ಅಷ್ಟು ಹಣ ಇನ್ನೂ ನಮ್ಮ ಬಳಿಯೇ ಉಳಿದಿದೆ. ಮೂರೂ ಸೇರಿ ಮೈನಸ್ 28. ಮೇಲಿನ 20ಕ್ಕೆ ಇದನ್ನು ಸೇರಿಸಿದರೆ ಆಪರೇಟಿಂಗ್ ಮೈನಸ್ 8.

12 ಲಕ್ಷ ಲಾಭದ ಮಿಲ್ಲಿಗೆ ವ್ಯಾಪಾರದಿಂದ ಬಂದ ನಗದು ಮೈನಸ್ 8 ಎಂದರೆ ಮಾಲೀಕರು ಬೆಚ್ಚುತ್ತಾರೆ. ಅದಕ್ಕೇ ನಾನು 20 ಮತ್ತು 28 ಎಂಬ ಎರಡು ಅಂಕಿಗಳನ್ನು ಬೇರೆ ಬೇರೆಯಾಗಿಯೇ ತೋರಿಸುತ್ತೇನೆ. ಮೊದಲನೆಯದು ಮಿಲ್ಲು ದುಡಿದದ್ದು, ಎರಡನೆಯದು ಗೋದಾಮು ಮತ್ತು ಉದ್ರಿ ನುಂಗಿದ್ದು. ಕ್ವಿಂಟಲ್‌ಗೆ ಆ ಹಂಗಾಮಿನ ಬೆಂಬಲ ಬೆಲೆ 7,550 ರೂಪಾಯಿ ಹಿಡಿದರೂ 65 ಲಕ್ಷವೆಂದರೆ ಸುಮಾರು 860 ಕ್ವಿಂಟಲ್ ತೊಗರಿ. ಹಣ ಅಲ್ಲಿ ಚೀಲಗಳಲ್ಲಿದೆ.

ಎರಡನೇ ಭಾಗ ಇನ್ವೆಸ್ಟಿಂಗ್. ವರ್ಷಗಟ್ಟಲೆ ಬಳಸುವ ವಸ್ತುವನ್ನು ಕೊಂಡದ್ದು, ಮಾರಿದ್ದು ಇಲ್ಲಿಗೆ. ಕಲರ್ ಸಾರ್ಟರ್ ಯಂತ್ರಕ್ಕೆ ಕೊಟ್ಟದ್ದು 22, ಟೆಂಪೊ ಮಾರಿ ಬಂದದ್ದು 3. ಒಟ್ಟು ಮೈನಸ್ 19. ಯಂತ್ರದ ಬಿಲ್ಲಿನಲ್ಲಿ ಇನ್ನೂ ಕೊಡದ ಬಾಕಿ ಇದ್ದರೆ ಅದನ್ನು ಇಲ್ಲಿ ಹಾಕಬಾರದು, ಕೊಟ್ಟಷ್ಟನ್ನೇ ಬರೆಯಬೇಕು. ಆ ಬಾಕಿ ಅಡತಿ ಬಾಕಿಯ ಪಟ್ಟಿಯೊಳಗೆ ಸೇರಿಕೊಂಡಿದೆಯೇ ಎಂದೂ ನೋಡಿ. ಸೇರಿದ್ದರೆ ಆಪರೇಟಿಂಗ್ ಸುಳ್ಳೇ ಚೆನ್ನಾಗಿ ಕಾಣುತ್ತದೆ.

ಮೂರನೆಯದು ಫೈನಾನ್ಸಿಂಗ್: ಸಾಲ ಕೊಟ್ಟವರ ಮತ್ತು ಮಾಲೀಕರ ಜೊತೆಗಿನ ಹಣದ ಓಡಾಟ. ಯಂತ್ರಕ್ಕೆ ಬಂದ ಟರ್ಮ್ ಲೋನ್ 15. ಸಿಸಿ, ಅಂದರೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಸಾಲದ ಖಾತೆಯ ಬಾಕಿ 20ರಿಂದ 44ಕ್ಕೆ ಏರಿದ್ದರಿಂದ ಬಂದದ್ದು 24. ಹೋದದ್ದು: ಕಂತಿನ ಅಸಲು 3, ಬಡ್ಡಿ 5, ಮಾಲೀಕರು ಮನೆ ಖರ್ಚಿಗೆ ತೆಗೆದದ್ದು 6. ಒಟ್ಟು ಪ್ಲಸ್ 25.

ಮೈನಸ್ 8, ಮೈನಸ್ 19, ಪ್ಲಸ್ 25: ಮೈನಸ್ 2. ಶಿಲ್ಕಿನ ಜೊತೆ ಸರಿಹೋಯಿತು.

ಸರಿಹೋಗದಿದ್ದರೆ ವ್ಯತ್ಯಾಸದ ಅಂಕಿಯೇ ಜಾಡು ಹೇಳುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಚಿಹ್ನೆಯಲ್ಲಿ. ದಾಸ್ತಾನು ಹೆಚ್ಚಿತೆಂದು 25ನ್ನು ಪ್ಲಸ್ ಮಾಡಿದರೆ ವ್ಯತ್ಯಾಸ 50 ಬರುತ್ತದೆ. ಆದ್ದರಿಂದ ಬಂದ ವ್ಯತ್ಯಾಸವನ್ನು 2ರಿಂದ ಭಾಗಿಸಿ, ಆ ಅಂಕಿ ಪಟ್ಟಿಯಲ್ಲಿ ಎಲ್ಲಿದೆ ಹುಡುಕಿ. ವ್ಯತ್ಯಾಸ ಸರಿಯಾಗಿ 5 ಇದ್ದರೆ ಅನುಮಾನ ಬಡ್ಡಿಯ ಮೇಲೆ: ಲಾಭಕ್ಕೆ ಮರಳಿ ಕೂಡಿಸದೆ ಮೂರನೇ ಭಾಗದಲ್ಲೂ ಕಳೆದಿರುತ್ತೀರಿ. ಇಎಂಐಯನ್ನು ಅಸಲು, ಬಡ್ಡಿ ಎಂದು ಒಡೆಯದೆ ಇಡಿಯಾಗಿ ಹಾಕಿದಾಗ ಇದು ಆಗುತ್ತದೆ. ಒಡೆದ ಅಂಕಿ ಬ್ಯಾಂಕಿನ ಸಾಲದ ಸ್ಟೇಟ್‌ಮೆಂಟಿನಲ್ಲೇ ಸಿಗುತ್ತದೆ. ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮಾಲೀಕರ ಮನೆ ಖರ್ಚನ್ನು ಅಂಗಡಿ ಖರ್ಚಿನಲ್ಲಿ ಬರೆದಿದ್ದರೆ ಮೊತ್ತ ಸರಿಯಾಗಿಯೇ ಬರುತ್ತದೆ, ಭಾಗ ಮಾತ್ರ ತಪ್ಪಿರುತ್ತದೆ. ಅದನ್ನು ಖಾತೆ ತೆರೆದು ನೋಡಿಯೇ ಹಿಡಿಯಬೇಕು.

ಈಗ ಓದುವ ಕೆಲಸ. ದುಡಿದ 20ರಲ್ಲಿ ಕಂತು, ಬಡ್ಡಿ, ಮನೆ ಖರ್ಚು ಸೇರಿ 14 ಹೋಯಿತು, 6 ಉಳಿಯಿತು. ಯಂತ್ರಕ್ಕೆ ಲೋನ್ ಮತ್ತು ಟೆಂಪೊ ಹಣ ಕಳೆದು ಕೈಯಿಂದ ಬೇಕಾದದ್ದು 4. ಇನ್ನೂ 2 ಉಳಿಯಿತು. ಗೋದಾಮು ಮತ್ತು ಉದ್ರಿಗೆ ಬೇಕಾದ 28 ಬಂದದ್ದು ಈ 2, ಶಿಲ್ಕಿನ 2 ಮತ್ತು ಸಿಸಿಯ 24ರಿಂದ. ಅಂದರೆ ಸಿಸಿಯಲ್ಲಿ ಹೆಚ್ಚಿದ ಸಾಲದ ಬೆನ್ನಿಗೆ ಪೂರ್ತಿ ಮಾಲಿದೆ. ಇದು ನನಗೆ ಒಪ್ಪಿಗೆಯಾಗುವ ಮೈನಸ್ 8. ಇದೇ ಮಿಲ್ಲು 20ರ ಬದಲು 10 ದುಡಿದಿದ್ದರೆ 14 ಕೊಡಲಿಕ್ಕೇ 4 ಕಡಿಮೆ ಬೀಳುತ್ತಿತ್ತು. ಆ 4 ಕೂಡ ಸಿಸಿಯಿಂದಲೇ ಬರಬೇಕಿತ್ತು. ಆ ಸಾಲ ತೀರಿಸಲು ಮಾರುವಂಥ ಮಾಲು ಗೋದಾಮಿನಲ್ಲಿ ಇರುತ್ತಿರಲಿಲ್ಲ.

ಮಾರ್ಚ್‌ನ ಪಟ್ಟಿಯೊಂದನ್ನೇ ನಂಬದೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆರು ತಿಂಗಳಿಗೂ ಇದನ್ನೇ ಮತ್ತೆ ಮಾಡುತ್ತೇನೆ. ಬೇಳೆ ಮಾರಿಹೋಗಿ ದಾಸ್ತಾನು ಇಳಿದಿದ್ದರೆ ಆಪರೇಟಿಂಗ್ ದೊಡ್ಡ ಪ್ಲಸ್ ಆಗಿ, ಸಿಸಿ ಇಳಿದು ಫೈನಾನ್ಸಿಂಗ್ ಮೈನಸ್ ಆಗಬೇಕು. ದಾಸ್ತಾನು ಇಳಿದೂ ಸಿಸಿ ಇಳಿಯದಿದ್ದರೆ ಮೊದಲು ಉದ್ರಿ ಪಟ್ಟಿ ನೋಡಿ, ಆಮೇಲೆ ಮಾಲೀಕರು ತೆಗೆದ ಹಣದ ಖಾತೆ ನೋಡಿ. ಎರಡರಲ್ಲೂ ಸಿಗದಿದ್ದರೆ ತೊಗರಿ ಕೊಂಡ ದರಕ್ಕಿಂತ ಕಡಿಮೆಗೆ ಬೇಳೆ ಹೋಗಿರಬಹುದು. ಹಾಗಿದ್ದರೆ ಆ ನಷ್ಟ ಆರು ತಿಂಗಳ ಪಟ್ಟಿಯ ಮೊದಲ ಸಾಲಿನಲ್ಲೇ ಕಾಣುತ್ತದೆ.